ಫ್ಲೂ ಮತ್ತು ವೃದ್ಧರ ಸನ್ನಿ

ಇನ್‌ಫ್ಲುಯೆಂಜಾ ಸೋಂಕಿನ ಹೊತ್ತಿನಲ್ಲಿ ಬಲಗುಂದಿದ ಹಿರಿಯರಿಗೆ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಗಮನವೂ ಎಚ್ಚರವೂ ಕದಡಿ, ಆ ಕದಡು ಒಂದೇ ದಿನದೊಳಗೆ ಹೆಚ್ಚು ಕಡಿಮೆಯಾಗುತ್ತಿದ್ದರೆ ಆ ಸ್ಥಿತಿಯೇ ಫ್ಲೂ ಜೊತೆಗಿನ ಸನ್ನಿ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಇದು ಮನೋರೋಗವಲ್ಲ, ವಯಸ್ಸಿನ ಸಹಜ ಅರಳುಮರಳೂ ಅಲ್ಲ. ದೇಹದ ಬೇರೆಲ್ಲೋ ಆದ ತೊಂದರೆಯಿಂದ ಮಿದುಳಿನ ಕೆಲಸ ತಾತ್ಕಾಲಿಕವಾಗಿ ಕೆಟ್ಟಿರುತ್ತದೆ. ಆದ್ದರಿಂದ ಇದನ್ನು ತುರ್ತುಸ್ಥಿತಿಯೆಂದೇ ಪರಿಗಣಿಸಲಾಗುತ್ತದೆ.

ಲಕ್ಷಣಗಳು ಮತ್ತು ಪರಿಭಾಷೆ

ಸನ್ನಿಯ ಮುಖ್ಯ ಲಕ್ಷಣ ಮರೆವಲ್ಲ, ಗಮನ ನಿಲ್ಲದಿರುವುದು. ರೋಗಿ ಮಾತು ಆರಂಭಿಸಿ ನಡುವೆಯೇ ಎಳೆ ಬಿಡುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರಿಸುವಷ್ಟರಲ್ಲಿ ಪ್ರಶ್ನೆಯೇ ತಪ್ಪಿಹೋಗಿರುತ್ತದೆ. ಹಗಲು ರಾತ್ರಿ ಅದಲುಬದಲಾಗುತ್ತವೆ. ಇಲ್ಲದವರು ಕಾಣುತ್ತಾರೆ, ಹೊದಿಕೆಯ ಮೇಲೆ ಹುಳು ಹರಿದಂತೆ ತೋರುತ್ತದೆ, ಕೈ ಸುಮ್ಮನೆ ಸೆರಗನ್ನೋ ಪಂಚೆಯ ಅಂಚನ್ನೋ ಕೀಳುತ್ತಿರುತ್ತದೆ. ಬೆಳಿಗ್ಗೆ ಸರಿಯಾಗಿ ಮಾತನಾಡಿದವರು ಸಂಜೆ ಮನೆಮಂದಿಯ ಗುರುತು ಹಿಡಿಯದಿರಬಹುದು.

ಡಿಮೆನ್ಶಿಯಾ ಅಥವಾ ಮರೆಗುಳಿತನ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುವ ಕಾಯಿಲೆ. ಅದರ ಆರಂಭದ ಹಂತದಲ್ಲಿ ಎಚ್ಚರ ಕೆಡುವುದಿಲ್ಲ. ಸನ್ನಿ ಹಾಗಲ್ಲ, ‘ಮೊನ್ನೆಯವರೆಗೂ ಸರಿಯಾಗಿದ್ದರು’ ಎಂದು ಮನೆಯವರು ದಿನ ಗುರುತಿಸಿ ಹೇಳಬಲ್ಲರು. ಎರಡೂ ಒಬ್ಬರಲ್ಲೇ ಇರಬಹುದು. ಡಿಮೆನ್ಶಿಯಾ ಇರುವವರಿಗೇ ಸನ್ನಿಯ ಅಪಾಯ ಎಲ್ಲರಿಗಿಂತ ಹೆಚ್ಚು. ಅವರು ದಿಢೀರನೆ ಇನ್ನಷ್ಟು ಗೊಂದಲಕ್ಕೆ ಬಿದ್ದರೆ ಅದನ್ನು ಹಳೆಯ ಕಾಯಿಲೆಯ ಮುಂದಿನ ಹಂತವೆಂದು ತಳ್ಳಿಹಾಕುವಂತಿಲ್ಲ.

ಬಗೆಗಳು

ಸನ್ನಿಯಲ್ಲಿ ಮೂರು ಬಗೆ. ಕೆರಳಿದ ಬಗೆಯಲ್ಲಿ ರೋಗಿ ಕೂಗಾಡುತ್ತಾರೆ, ಎದ್ದು ಹೊರಡುತ್ತಾರೆ, ಸಲೈನ್ ಕೊಳವೆ ಕೀಳುತ್ತಾರೆ. ಮಂಕು ಬಗೆಯಲ್ಲಿ ಮಾತು ಕಡಿಮೆಯಾಗಿ, ಊಟ ಬಿಟ್ಟು, ಸದಾ ತೂಕಡಿಸುತ್ತಾರೆ. ಮೂರನೆಯದು ಎರಡರ ಮಿಶ್ರಣ.

ಕೆರಳಿದವರನ್ನು ಯಾರೂ ಕಡೆಗಣಿಸಲಾರರು. ತಪ್ಪಿಹೋಗುವುದು ಮಂಕು ಬಗೆ. ಬಲಗುಂದಿದ ವೃದ್ಧರಲ್ಲಿ ಅದೇ ಹೆಚ್ಚು, ಅದರ ಫಲಿತಾಂಶವೂ ಒಳ್ಳೆಯದಲ್ಲ. ಎರಡು ರಾತ್ರಿ ಬಡಬಡಿಸಿದ ಹಿರಿಯರು ಮೂರನೆಯ ದಿನ ಸುಮ್ಮನೆ ಮಲಗಿದರೆ ‘ಪಾಪ, ಈಗ ನಿದ್ದೆ ಹತ್ತಿತು’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಹಲವು ಸಲ ಸ್ಥಿತಿ ಬಿಗಡಾಯಿಸುವುದು ಆಗಲೇ.

ಇತಿಹಾಸ

ಜ್ವರದಲ್ಲಿ ಬುದ್ಧಿ ಕದಡುವುದನ್ನು ಪ್ರಾಚೀನ ವೈದ್ಯರೂ ಬಲ್ಲವರಾಗಿದ್ದರು. ಇದು ಮಿದುಳಿನ ಚಟುವಟಿಕೆಯೇ ಕುಗ್ಗಿದ ಸ್ಥಿತಿ ಎಂಬುದನ್ನು ಅಮೆರಿಕದ ಜಾರ್ಜ್ ಎಂಗೆಲ್ ಮತ್ತು ಜಾನ್ ರೊಮಾನೊ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯ ಆಧಾರದ ಮೇಲೆ 1959ರ ಪ್ರಬಂಧದಲ್ಲಿ ವಿವರಿಸಿದರು. ಸನ್ನಿಯಲ್ಲಿ ಈ ಅಲೆಗಳು ನಿಧಾನವಾಗುತ್ತವೆ. 1990ರಲ್ಲಿ ಶರೋನ್ ಇನೌಯಿ ಮತ್ತು ಸಂಗಡಿಗರು ಸನ್ನಿಯನ್ನು ಗುರುತಿಸಲು ಸಿಎಎಂ ಎಂಬ ಸರಳ ವಿಧಾನ ರೂಪಿಸಿದರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಯ ಸ್ಥಿತಿಯನ್ನು ಅಂಕಗಳಲ್ಲಿ ಅಳೆಯುವ ನ್ಯೂಸ್ ಪಟ್ಟಿ 2017ರಲ್ಲಿ ಪರಿಷ್ಕರಣೆಯಾದಾಗ ‘ಹೊಸದಾಗಿ ಬಂದ ಗೊಂದಲ’ಕ್ಕೆ 3 ಅಂಕ ನಿಗದಿಯಾಯಿತು. ಆ ಪಟ್ಟಿಯಲ್ಲಿ ಯಾವುದೇ ಒಂದು ಲಕ್ಷಣಕ್ಕೆ ಸಿಗುವ ಅತಿ ಹೆಚ್ಚಿನ ಅಂಕ ಅದೇ.

ಕಾರಣಗಳು

ವಯಸ್ಕರಲ್ಲಿ ಫ್ಲೂ ವೈರಸ್ ಮಿದುಳಿಗೇ ನುಗ್ಗುವುದು ಅಪರೂಪ. ಅದು ಉಸಿರ್ನಾಳದ ಒಳಪದರದಲ್ಲಿ ಬೆಳೆಯುತ್ತದೆ. ಅದನ್ನು ಎದುರಿಸಲು ರೋಗನಿರೋಧಕ ಕೋಶಗಳು ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೊಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಇವುಗಳ ಸಂದೇಶ ಮಿದುಳಿನ ರಕ್ತನಾಳಗಳ ಗೋಡೆಯ ಮೂಲಕವೂ ವೇಗಸ್ ನರದ ಮೂಲಕವೂ ಮಿದುಳಿಗೆ ತಲಪುತ್ತದೆ. ಯುವಕರಿಗೆ ಜ್ವರ ಬಂದಾಗ ಮೈಕೈ ನೋವು, ಮಂಪರು, ಊಟ ಬೇಡವೆನಿಸುವುದು ಇವೆಲ್ಲ ಆ ಸಂದೇಶದ ಪರಿಣಾಮಗಳೇ. ಮುದಿ ಮಿದುಳಿನಲ್ಲಿ, ಅದರಲ್ಲೂ ಡಿಮೆನ್ಶಿಯಾ ಆರಂಭವಾಗಿರುವ ಮಿದುಳಿನಲ್ಲಿ, ಮೈಕ್ರೊಗ್ಲಿಯಾ ಎಂಬ ಕಾವಲು ಕೋಶಗಳು ಮೊದಲೇ ಕೆರಳುವ ಅಂಚಿನಲ್ಲಿರುತ್ತವೆ. ಅದೇ ಸಂದೇಶಕ್ಕೆ ಅವು ಅತಿಯಾಗಿ ಪ್ರತಿಕ್ರಿಯಿಸುತ್ತವೆ. ಗಮನವನ್ನು ನಿಲ್ಲಿಸಿಡುವ ಅಸಿಟೈಲ್‌ಕೋಲಿನ್ ಎಂಬ ನರರಾಸಾಯನಿಕದ ಕೆಲಸ ಕುಗ್ಗುತ್ತದೆ.

ಸೋಂಕು ಒಂದೇ ಕಾರಣವಾಗುವುದು ಕಡಿಮೆ. ಸೋಂಕಿನ ಬೆನ್ನಿಗೆ ಇನ್ನೂ ಕೆಲವು ತೊಂದರೆಗಳು ಸೇರಿ ಮಿದುಳು ತಡೆಯಲಾರದ ಸ್ಥಿತಿಗೆ ಬರುತ್ತದೆ. ಅವುಗಳಲ್ಲಿ ಮೊದಲನೆಯದು ಆಮ್ಲಜನಕದ ಕೊರತೆ. ಫ್ಲೂ ಶ್ವಾಸಕೋಶಕ್ಕೆ ಇಳಿದರೆ, ಅಥವಾ ಅದರ ಹಿಂದೆಯೇ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬಂದರೆ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಎರಡನೆಯದು ನೀರು ಮತ್ತು ಉಪ್ಪಿನ ಏರುಪೇರು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ, ನೀರು ಕಡಿಮೆಯಾದರೂ ಹಿರಿಯರು ಕೇಳುವುದಿಲ್ಲ. ನ್ಯುಮೋನಿಯಾದಿಂದಲೂ, ಬಿಪಿಗೆಂದು ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ರಕ್ತದ ಸೋಡಿಯಂ ಇಳಿಯಬಹುದು. ಮೂರನೆಯದು ಸಕ್ಕರೆ. ಊಟ ಬಿಟ್ಟರೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ಎಂದಿನಂತೆ ಕೊಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆ.

ನಾಲ್ಕನೆಯ ಕಾರಣವಾದ ಔಷಧವನ್ನು ಹೆಚ್ಚಾಗಿ ಮನೆಯವರೇ ಕಾಳಜಿಯಿಂದ ತಂದುಕೊಟ್ಟಿರುತ್ತಾರೆ. ಮೆಡಿಕಲ್ ಶಾಪಿನಲ್ಲಿ ನೆಗಡಿಗೆಂದು ಸಿಗುವ ಹಲವು ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಜೊತೆಗೆ ಕ್ಲೋರ್‌ಫೆನಿರಮೈನ್ ಇರುತ್ತದೆ. ಇದು ಸುರಿಯುವ ಮೂಗನ್ನು ಒಣಗಿಸುವುದರ ಜೊತೆಗೆ, ಸನ್ನಿಯಲ್ಲಿ ಮೊದಲೇ ಕುಗ್ಗಿರುವ ಅಸಿಟೈಲ್‌ಕೋಲಿನ್‌ಗೂ ತಡೆಯೊಡ್ಡುತ್ತದೆ. ಮೂತ್ರ ಕಟ್ಟಿಸುತ್ತದೆ, ಮಲಬದ್ಧತೆ ತರುತ್ತದೆ. ಆ ಎರಡೂ ಸನ್ನಿಯನ್ನು ಹೆಚ್ಚಿಸುತ್ತವೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೈಫೆನ್‌ಹೈಡ್ರಮೈನ್, ವಾಂತಿಗೆ ಕೊಡುವ ಪ್ರೊಮೆಥಜಿನ್ ಕೂಡ ಇದೇ ಗುಂಪಿನವು. ಕೋಡೀನ್ ಇರುವ ಸಿರಪ್ ಮತ್ತು ನಿದ್ದೆಗೆಂದು ಹೊಸದಾಗಿ ಕೊಡುವ ಆಲ್ಪ್ರಜೋಲಂ ಬೇರೆ ಗುಂಪಿಗೆ ಸೇರಿದರೂ ಅಷ್ಟೇ ಅಪಾಯಕಾರಿ.

ಇದಕ್ಕೆ ವಿರುದ್ಧವಾಗಿ, ಅಭ್ಯಾಸವಾಗಿದ್ದುದನ್ನು ದಿಢೀರನೆ ನಿಲ್ಲಿಸಿದರೂ ಸನ್ನಿ ಬರಬಹುದು. ಪ್ರತಿದಿನ ಮದ್ಯ ಸೇವಿಸುತ್ತಿದ್ದವರು ಜ್ವರದಿಂದ ಹಾಸಿಗೆ ಹಿಡಿದು ಕುಡಿತ ನಿಂತಾಗ, ಎರಡರಿಂದ ನಾಲ್ಕು ದಿನಗಳಲ್ಲಿ ತೀವ್ರ ಸನ್ನಿ ಕಾಣಿಸಿಕೊಳ್ಳುವುದುಂಟು. ವರ್ಷಗಟ್ಟಲೆ ತೆಗೆದುಕೊಂಡ ನಿದ್ದೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೂ ಹೀಗಾಗಬಹುದು. ವೈದ್ಯರು ಮದ್ಯದ ವಿಚಾರ ಕೇಳಿದಾಗ ಸಂಕೋಚದಿಂದ ಮುಚ್ಚಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಜ್ವರವಿಲ್ಲದ ಫ್ಲೂ

ವೃದ್ಧರಲ್ಲಿ ಫ್ಲೂ ಸದಾ ಚಳಿ ಜ್ವರ, ಗಂಟಲು ನೋವುಗಳೊಂದಿಗೆ ಬರಬೇಕೆಂದಿಲ್ಲ. ನಿತ್ರಾಣ, ಊಟ ಬಿಡುವುದು, ಬೀಳುವುದು, ಗೊಂದಲ ಇವೇ ಮೊದಲು ಕಾಣಬಹುದು. ಅವರ ಸಹಜ ತಾಪಮಾನವೇ ಕಡಿಮೆ ಇರುವುದರಿಂದ ಥರ್ಮಾಮೀಟರಿನ ಅಂಕಿ ಮೋಸ ಮಾಡುತ್ತದೆ. ಬಾಯಿಯಲ್ಲಿ ಅಳೆದಾಗ 37.8 ಡಿಗ್ರಿ ಸೆಲ್ಸಿಯಸ್, ಅಂದರೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ಬಲಗುಂದಿದವರಿಗೆ ಜ್ವರವೇ. ಅದಕ್ಕಿಂತ ಕಡಿಮೆ ಇದ್ದರೂ ಅವರ ಮಾಮೂಲಿಗಿಂತ 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದ್ದರೆ ಅದನ್ನೂ ಜ್ವರವೆಂದೇ ಎಣಿಸಬೇಕು. ಆರೋಗ್ಯವಾಗಿದ್ದಾಗಲೇ ಒಂದೆರಡು ಸಲ ಅಳೆದು ಬರೆದಿಟ್ಟಿರದಿದ್ದರೆ ಈ ಹೋಲಿಕೆ ಸಾಧ್ಯವಿಲ್ಲ.

ಮಾದರಿ ಪ್ರಕರಣ

ಮುಂದಿನದು ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಮಾದರಿ. ಒಬ್ಬ ನಿರ್ದಿಷ್ಟ ವ್ಯಕ್ತಿಯದಲ್ಲ.

81 ವರ್ಷದ ಅಜ್ಜ, ತೂಕ 48 ಕಿಲೊ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ಪ್ರಾಸ್ಟೇಟ್ ತೊಂದರೆಯಿದೆ, ಕಿವಿಗೆ ಯಂತ್ರವಿದೆ. ಶಾಲೆಗೆ ಹೋಗುವ ಮೊಮ್ಮಗನಿಗೆ ಜ್ವರ ಬಂದ ಎರಡು ದಿನಕ್ಕೆ ಅವರಿಗೂ ಕೆಮ್ಮು ಶುರುವಾಯಿತು. ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆಯನ್ನು ದಿನಕ್ಕೆ ಮೂರರಂತೆ ಕೊಟ್ಟರು. ಎರಡನೆಯ ದಿನ ಹೊಟ್ಟೆಗೆ ಹೋದದ್ದು ಅರ್ಧ ಲೋಟ ಗಂಜಿ ಮಾತ್ರ. ಸಕ್ಕರೆ ಮಾತ್ರೆ ತಪ್ಪಲಿಲ್ಲ. ಸಂಜೆ ‘ಹಸುವಿಗೆ ಹುಲ್ಲು ಹಾಕಿದ್ರಾ?’ ಎಂದು ಕೇಳಿದರು; ಹಸು ಮಾರಿ ಹತ್ತು ವರ್ಷವಾಗಿತ್ತು. ರಾತ್ರಿಯಿಡೀ ಎದ್ದು ಕೊಟ್ಟಿಗೆಗೆ ಹೊರಟರು. ಮೂರನೆಯ ಬೆಳಿಗ್ಗೆ ಮಲಗಿದವರು ಮಧ್ಯಾಹ್ನವಾದರೂ ಏಳಲಿಲ್ಲ. ಕರೆದರೆ ಕಣ್ಣು ಬಿಟ್ಟು, ಮಾತಿನ ನಡುವೆಯೇ ಮತ್ತೆ ಮುಚ್ಚುತ್ತಿದ್ದರು.

ಸೊಸೆ ಅಳೆದಾಗ ತಾಪಮಾನ 37.5 ಡಿಗ್ರಿ, ಅವರ ಮಾಮೂಲಿ 36.2. ಉಸಿರು ನಿಮಿಷಕ್ಕೆ 26, ಆಕ್ಸಿಮೀಟರಿನಲ್ಲಿ 91, ಗ್ಲುಕೋಮೀಟರಿನಲ್ಲಿ 54. ಎಚ್ಚರ ಸಾಲದ್ದರಿಂದ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿದರು. ಆಸ್ಪತ್ರೆಯಲ್ಲಿ ನರದ ಮೂಲಕ ಗ್ಲುಕೋಸ್ ಕೊಟ್ಟ ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ಸೊಸೆಯನ್ನು ಗುರುತಿಸಿದರು. ಸಕ್ಕರೆಯೊಂದೇ ಕಾರಣವೆಂದು ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು. ವಾರದ ದಿನಗಳನ್ನು ಹಿಂದಿನಿಂದ ಹೇಳಿ ಎಂದಾಗ ಶನಿವಾರ, ಶುಕ್ರವಾರ ಎಂದವರು ಅಲ್ಲೇ ತಡವರಿಸಿದರು. ಹುಡುಕಿದಾಗ ಸೋಡಿಯಂ 123 ಇತ್ತು, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಇತ್ತು, ಮೂತ್ರಕೋಶದಲ್ಲಿ 700 ಮಿಲಿಲೀಟರ್ ಮೂತ್ರ ಕಟ್ಟಿಕೊಂಡಿತ್ತು. ಮೂಗಿನ ಸ್ವಾಬ್‌ನಲ್ಲಿ ಇನ್‌ಫ್ಲುಯೆಂಜಾ ಎ ಪತ್ತೆಯಾಯಿತು.

ಆಮ್ಲಜನಕ, ಆಂಟಿಬಯಾಟಿಕ್, ಕಿಡ್ನಿಯ ಸ್ಥಿತಿಗೆ ತಕ್ಕಂತೆ ತಗ್ಗಿಸಿದ ಪ್ರಮಾಣದ ಒಸೆಲ್ಟಾಮಿವಿರ್ ಶುರುವಾದವು. ನೆಗಡಿ ಮಾತ್ರೆಯನ್ನೂ ಆ ಬಿಪಿ ಮಾತ್ರೆಯನ್ನೂ ನಿಲ್ಲಿಸಿದರು. ಸೋಡಿಯಂ ಅನ್ನು ನಿಧಾನವಾಗಿ ಏರಿಸಿದರು, ಏಕೆಂದರೆ ಬೇಗ ಏರಿಸಿದರೆ ಮಿದುಳಿಗೆ ಹಾನಿ. ಮೂತ್ರದ ಕೊಳವೆಯನ್ನು ಎರಡೇ ದಿನಕ್ಕೆ ತೆಗೆದರು. ಮನೆಯಲ್ಲೇ ಉಳಿದಿದ್ದ ಕಿವಿಯ ಯಂತ್ರ ಎರಡನೆಯ ದಿನ ಆಸ್ಪತ್ರೆಗೆ ಬಂದ ಮೇಲೆ ಕೂಗಾಟ ಗಮನಾರ್ಹವಾಗಿ ತಗ್ಗಿತು. ಐದನೆಯ ದಿನ ಬೆಳಗಿನ ಹೊತ್ತು ಮಾತು ಸ್ಪಷ್ಟವಿತ್ತು, ಸಂಜೆಯ ಗೊಂದಲ ಹಾಗೇ ಇತ್ತು. ಪೂರ್ತಿ ಮೊದಲಿನಂತಾಗಲು ಮೂರು ವಾರ ಹಿಡಿಯಿತು.

ಮನೆಯಲ್ಲಿ ಗುರುತಿಸುವುದು

ಸನ್ನಿಯನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಇಲ್ಲ. ರೋಗಿಯ ಮಾಮೂಲಿ ಸ್ವಭಾವ ಬಲ್ಲವರು ‘ಇವರು ಎಂದಿನಂತಿಲ್ಲ’ ಎನ್ನುವುದೇ ಬೆಲೆಯುಳ್ಳ ಸಾಕ್ಷ್ಯ. ಅನುಮಾನ ಬಂದರೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಬಹುದು. ಓದು ಬರಹ ಬಾರದವರಿಗೂ ಇದು ಒಗ್ಗುತ್ತದೆ. ಮೊದಲು ಸಲೀಸಾಗಿ ಹೇಳುತ್ತಿದ್ದವರು ಈಗ ನಡುವೆ ನಿಂತರೆ, ಅಥವಾ ಹೇಳುತ್ತಲೇ ತೂಕಡಿಸಿದರೆ ಗಮನ ಕೆಟ್ಟಿದೆ ಎಂದರ್ಥ. ಇಂದು ಯಾವ ತಾರೀಖು ಎಂಬ ಪ್ರಶ್ನೆ ಅಷ್ಟು ಉಪಯೋಗಕ್ಕೆ ಬಾರದು. ನಿವೃತ್ತರಿಗೆ ಆರೋಗ್ಯವಾಗಿದ್ದಾಗಲೂ ಅದು ತಪ್ಪುವುದುಂಟು.

ಗೊಂದಲದ ಜೊತೆಗೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿದ್ದರೆ, ಒಂದು ಕೈ ಅಥವಾ ಕಾಲು ಸೋತಿದ್ದರೆ, ಮಾತು ತೊದಲುತ್ತಿದ್ದರೆ ಅದನ್ನು ಪಾರ್ಶ್ವವಾಯು ಎಂದೇ ಭಾವಿಸಿ ಕೂಡಲೇ ಹೊರಡಬೇಕು. ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ, ವಿಶೇಷವಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ತಲೆಬುರುಡೆಯೊಳಗೆ ರಕ್ತಸ್ರಾವವಾಗಿರುವ ಸಾಧ್ಯತೆ ಇರುತ್ತದೆ.

ಮನೆಯವರು ಮಾಡಬೇಕಾದದ್ದು

ಹೊಸದಾಗಿ ಬಂದ ಗೊಂದಲವಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಬೆಳಗಾಗಲಿ ಎಂದು ಕಾಯಬಾರದು. ಎಬ್ಬಿಸಿದರೂ ಎಚ್ಚರ ನಿಲ್ಲದಿದ್ದರೆ, ಉಸಿರು ನಿಮಿಷಕ್ಕೆ 24 ದಾಟಿದ್ದರೆ, ತುಟಿ ಅಥವಾ ಉಗುರು ನೀಲಿಯಾಗಿದ್ದರೆ, ಆಕ್ಸಿಮೀಟರಿನ ಅಂಕಿ 94ಕ್ಕಿಂತ ಕೆಳಗಿದ್ದರೆ, ಫಿಟ್ಸ್ ಬಂದರೆ, ಅಥವಾ ಅರ್ಧ ದಿನದಿಂದ ಮೂತ್ರವೇ ಆಗಿರದಿದ್ದರೆ 108ಕ್ಕೆ ಕರೆ ಮಾಡಬೇಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಅಥವಾ ಗೋರಂಟಿ ಹಚ್ಚಿದ್ದರೆ ಆಕ್ಸಿಮೀಟರ್ ತಪ್ಪು ಅಂಕಿ ತೋರಿಸಬಹುದು. ಬೆರಳು ಉಜ್ಜಿ ಬೆಚ್ಚಗಾಗಿಸಿ ಇನ್ನೊಂದು ಬೆರಳಿಗೆ ಹಾಕಿ ನೋಡಬೇಕು.

ಸಕ್ಕರೆ ಕಾಯಿಲೆ ಇರುವವರಾದರೆ ಎಲ್ಲಕ್ಕಿಂತ ಮೊದಲು ಗ್ಲುಕೋಮೀಟರ್ ತೆಗೆಯಬೇಕು. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಾಗಿ ಕೂತು ನುಂಗಬಲ್ಲವರಾಗಿದ್ದರೆ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಕೊಟ್ಟು, 15 ನಿಮಿಷಕ್ಕೆ ಮತ್ತೆ ಅಳೆಯಬೇಕು. ಸಕ್ಕರೆ ಮೇಲೇರಿದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು. ಗ್ಲಿಮೆಪಿರೈಡ್‌ನಂಥ ಮಾತ್ರೆಗಳ ಪರಿಣಾಮ ಬಹಳ ಹೊತ್ತು ಉಳಿದು ಸಕ್ಕರೆ ಮತ್ತೆ ಕುಸಿಯುತ್ತದೆ.

ತೂಕಡಿಸುತ್ತಿರುವವರ ಬಾಯಿಗೆ ನೀರು, ಗಂಜಿ, ಕಷಾಯ ಯಾವುದನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದರೆ ಮತ್ತೊಂದು ನ್ಯುಮೋನಿಯಾ. ಎಚ್ಚರವಿದ್ದಾಗ ನೆಟ್ಟಗೆ ಕೂರಿಸಿ ಸ್ವಲ್ಪ ಸ್ವಲ್ಪವಾಗಿ ಗಂಜಿ, ಮಜ್ಜಿಗೆ, ಓಆರ್‌ಎಸ್ ಕೊಡಬಹುದು. ಹೃದಯ ಅಥವಾ ಕಿಡ್ನಿಯ ಕಾಯಿಲೆಯಿಂದ ನೀರಿಗೆ ಮಿತಿ ಇರುವವರಿಗೆ ಎಷ್ಟು ಕೊಡಬೇಕೆಂದು ವೈದ್ಯರನ್ನೇ ಕೇಳಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. 50 ಕಿಲೊಗಿಂತ ಹಗುರವಾದವರಿಗೆ ಪ್ರಮಾಣ ಕಡಿಮೆಯಾಗಬೇಕು, ಅದೇ ಔಷಧವಿರುವ ನೆಗಡಿ ಮಾತ್ರೆ ಜೊತೆಗೆ ಸೇರಬಾರದು. ನಿದ್ದೆ ಬರಿಸಲು ಮನೆಯಲ್ಲಿರುವ ಯಾರದೋ ಮಾತ್ರೆ ಕೊಡುವುದು ಅಪಾಯ.

ಆಸ್ಪತ್ರೆಗೆ ಹೊರಡುವಾಗ ಮಾತ್ರೆಗಳ ಡಬ್ಬಿಯನ್ನೇ ಎತ್ತಿಕೊಳ್ಳಬೇಕು; ಈ ವಾರ ಹೊಸದಾಗಿ ತಂದ ಮಾತ್ರೆ, ಸಿರಪ್, ನಾಟಿ ಔಷಧವೂ ಅದರಲ್ಲಿರಬೇಕು. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಜೊತೆಗಿರಲಿ. ವೈದ್ಯರಿಗೆ ಬೇಕಾದ ಮಾಹಿತಿ ಇಷ್ಟು: ಹೋದ ವಾರ ಹೇಗಿದ್ದರು, ಗೊಂದಲ ಯಾವ ದಿನ ಯಾವ ಹೊತ್ತಿಗೆ ಶುರುವಾಯಿತು, ಕೊನೆಯ ಊಟ, ಕೊನೆಯ ಮೂತ್ರ ಮತ್ತು ಮಲ ಯಾವಾಗ, ಮನೆಯಲ್ಲಿ ಇನ್ನಾರಿಗೆ ಜ್ವರ ಬಂದಿತ್ತು.

ರೋಗಿಯೊಡನೆ ವಾದಕ್ಕೆ ಇಳಿಯುವುದರಿಂದ ಪ್ರಯೋಜನವಿಲ್ಲ. ಕೊಟ್ಟಿಗೆಗೆ ಹೊರಟವರಿಗೆ ‘ಹಸು ಎಲ್ಲಿದೆ, ಅದನ್ನು ಮಾರಿ ಆಯಿತಲ್ಲ’ ಎಂದು ತಿದ್ದಿದರೆ ಕೆರಳುತ್ತಾರೆ. ‘ಅಪ್ಪಾ, ನಾನು ಶಾರದಾ. ನಿಮಗೆ ಜ್ವರ ಬಂದಿದೆ, ಆಸ್ಪತ್ರೆಯಲ್ಲಿದ್ದೀರಿ, ನಾನು ಇಲ್ಲೇ ಇದ್ದೀನಿ’ ಎಂದು ಎದುರಿಗೆ ನಿಂತು, ಚಿಕ್ಕ ವಾಕ್ಯಗಳಲ್ಲಿ, ಎಷ್ಟು ಸಲ ಬೇಕಾದರೂ ಹೇಳಬಹುದು. ಪರಿಚಿತರೊಬ್ಬರು ಸದಾ ಪಕ್ಕದಲ್ಲಿರುವುದು ಒಳ್ಳೆಯದು. ಹತ್ತು ಮಂದಿ ಬಂದು ‘ನಾನ್ಯಾರು ಹೇಳು?’ ಎಂದು ಪರೀಕ್ಷಿಸುವುದು ಕೆಟ್ಟದ್ದು. ಫ್ಲೂ ಹರಡುವುದರಿಂದ ಪಕ್ಕದಲ್ಲಿರುವವರು ಮಾಸ್ಕ್ ಹಾಕಬೇಕು. ಮಾತನಾಡುವ ಮುನ್ನ ಹೆಸರು ಹೇಳಿಕೊಳ್ಳಬೇಕು, ಏಕೆಂದರೆ ಮುಚ್ಚಿದ ಮುಖದ ಗುರುತು ಸಿಗುವುದಿಲ್ಲ.

ಆಸ್ಪತ್ರೆಯ ಚಿಕಿತ್ಸೆ

ಸನ್ನಿಗೆಂದೇ ಔಷಧವಿಲ್ಲ. ಒಂದೊಂದೇ ಕಾರಣವನ್ನು ಹುಡುಕಿ ಸರಿಪಡಿಸುವುದೇ ಚಿಕಿತ್ಸೆ. ಫ್ಲೂಗೆ ಒಸೆಲ್ಟಾಮಿವಿರ್ 75 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಐದು ದಿನ. ಕಿಡ್ನಿ ದುರ್ಬಲವಾಗಿದ್ದರೆ ಕಡಿಮೆ. ಲಕ್ಷಣ ಕಂಡ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ, ಆಸ್ಪತ್ರೆ ಸೇರುವಷ್ಟು ತೀವ್ರವಾದ ಕಾಯಿಲೆಯಲ್ಲಿ ತಡವಾದರೂ ಕೊಡುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯದ ಎಚ್1ಎನ್1 ಮಾರ್ಗಸೂಚಿಯು 65 ದಾಟಿದವರನ್ನು ಅಪಾಯದ ಗುಂಪಿಗೆ ಸೇರಿಸಿ, ಪರೀಕ್ಷೆಗೆ ಕಾಯದೆ ಔಷಧ ಆರಂಭಿಸಲು ಹೇಳುತ್ತದೆ. ಜ್ವರದ ಜೊತೆ ಮಂಪರು ಕಂಡರೆ ‘ಸಿ’ ವರ್ಗ, ಅಂದರೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾದವರು.

ಹ್ಯಾಲೊಪೆರಿಡಾಲ್‌ನಂಥ ಔಷಧಗಳು ಸನ್ನಿಯನ್ನು ಗುಣಪಡಿಸುವುದಿಲ್ಲ. ರೋಗಿ ತನಗೋ ಇತರರಿಗೋ ಅಪಾಯ ತಂದೊಡ್ಡುವಷ್ಟು ಕೆರಳಿದಾಗ ಮಾತ್ರ, ಅತಿ ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕೆ ಬಳಸುತ್ತಾರೆ. ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಹ್ಯಾಲೊಪೆರಿಡಾಲ್ ಕೊಡುವಂತಿಲ್ಲ. ಆ ಕಾಯಿಲೆ ಇದ್ದರೆ ಮನೆಯವರು ಮೊದಲೇ ಹೇಳಬೇಕು. ಕೈ ಕಟ್ಟಿಹಾಕುವುದರಿಂದ ಸನ್ನಿ ಹೆಚ್ಚುತ್ತದೆ.

ಚೇತರಿಕೆ ಮತ್ತು ತಡೆ

ಕೆಮ್ಮು ಜ್ವರ ಹೋದ ದಿನವೇ ಬುದ್ಧಿ ತಿಳಿಯಾಗುವುದಿಲ್ಲ. ಹಲವರಿಗೆ ಕೆಲವು ದಿನಗಳಲ್ಲಿ, ಕೆಲವರಿಗೆ ವಾರಗಳಲ್ಲಿ, ಇನ್ನು ಕೆಲವರಿಗೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಎಲ್ಲರೂ ಮೊದಲಿನ ಮಟ್ಟಕ್ಕೆ ಮರಳುವುದಿಲ್ಲ. ಸನ್ನಿ ಬಂದುಹೋದವರಲ್ಲಿ ಮುಂದೆ ಡಿಮೆನ್ಶಿಯಾ ಕಾಣುವ ಸಾಧ್ಯತೆ ಹೆಚ್ಚು. ಆದರೂ ಡಿಮೆನ್ಶಿಯಾ ಇದೆಯೇ ಎಂಬ ಪರೀಕ್ಷೆಯನ್ನು ಸನ್ನಿಯ ನಡುವೆ ಮಾಡಿಸಿದರೆ ಫಲಿತಾಂಶ ನಂಬುವಂತಿರುವುದಿಲ್ಲ; ಕೆಲವು ತಿಂಗಳು ಕಾಯಬೇಕು. ರೋಗದ ಹೊತ್ತಿನಲ್ಲಿ ಕಂಡದ್ದು ಕೆಲವರಿಗೆ ನೆನಪಿರುತ್ತದೆ, ಅದನ್ನು ಹೇಳಿಕೊಳ್ಳಲು ನಾಚುತ್ತಾರೆ. ಅದು ಜ್ವರದ ಪರಿಣಾಮವಾಗಿತ್ತು ಎಂದು ಮನೆಯವರೇ ಮಾತು ತೆಗೆದು ತಿಳಿಸಿದರೆ ಅವರ ಭಯ ಇಳಿಯುತ್ತದೆ.

ಇನೌಯಿ ತಂಡ ಯೇಲ್‌ನಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳಿಗೆ ನೀರು ಕುಡಿಸುವುದು, ನಡೆದಾಡಿಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಒದಗಿಸುವುದು, ಮಾತ್ರೆಯಿಲ್ಲದೆ ನಿದ್ದೆ ಬರಿಸುವುದು, ದಿನ ಸ್ಥಳ ನೆನಪಿಸುವುದು ಇಷ್ಟನ್ನು ಕ್ರಮವಾಗಿ ಮಾಡಲಾಯಿತು. ಸನ್ನಿಯ ಪ್ರಮಾಣ ಶೇ. 15.0ರಿಂದ ಶೇ. 9.9ಕ್ಕೆ ಇಳಿಯಿತು. ಒಮ್ಮೆ ಶುರುವಾದ ಸನ್ನಿಯ ತೀವ್ರತೆಯ ಮೇಲೆ ಮಾತ್ರ ಈ ಕ್ರಮಗಳು ಪರಿಣಾಮ ಬೀರಲಿಲ್ಲ. ಈ ಕೆಲಸಗಳಲ್ಲಿ ಹೆಚ್ಚಿನವನ್ನು ಮನೆಯವರೂ ಮಾಡಬಲ್ಲರು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಬ್ಬರು ಉಳಿಯುವ ರೂಢಿ ಇರುವುದು ಇದಕ್ಕೆ ಅನುಕೂಲ.

ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್, ಮತ್ತು ಮಳೆಗಾಲ ಹಾಗೂ ಅದರ ನಂತರ. ಹಿರಿಯರಿಗೆ ಫ್ಲೂ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ವೈರಸ್ ತಳಿ ಬದಲಾಗುತ್ತಿರುವುದರಿಂದ ಪ್ರತಿವರ್ಷ ಬೇಕು, ರಕ್ಷಣೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಮುದಿ ದೇಹದಲ್ಲಿ ಲಸಿಕೆಯ ಫಲ ಕಡಿಮೆ ಇರುವುದರಿಂದ ಜೊತೆಗಿರುವ ಮಕ್ಕಳು ಮೊಮ್ಮಕ್ಕಳೂ ಹಾಕಿಸಿಕೊಳ್ಳುವುದು ಸೂಕ್ತ. ಒಮ್ಮೆ ಸನ್ನಿ ಬಂದವರಿಗೆ ಮುಂದಿನ ಸೋಂಕಿನಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ಅದು ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಡೆಲಿರಿಯಂ ಎಂದು ಬರೆಸಿಕೊಂಡು, ತೊಂದರೆ ಕೊಟ್ಟ ಮಾತ್ರೆಗಳ ಹೆಸರಿನೊಂದಿಗೆ ಫೈಲಿನಲ್ಲಿ ಮೊದಲ ಹಾಳೆಯಾಗಿ ಇಟ್ಟುಕೊಳ್ಳಬೇಕು.